ಪಂಪಿನ ಮೋಟಾರಿನ ರಿಲೇಯನ್ನು ಸರಿಯಾಗಿ ಹೊಂದಿಸುವ ಕ್ರಮ

(ವ್ಯವಸಾಯದ ಇನ್ಸ್‌ಪೆಕ್ಟರು, ಎಲ್. ಎಜಿ., ಇವರಿಂದ)

ಕಳೆದ ಬೇಸಿಗೆಯಲ್ಲಿ ಸವಣೂರು ತಾಲೂಕಿನ ಹತ್ತಿಮತ್ತೂರಿಗೆ ಹೋಗಿದ್ದಾಗ ಅಲ್ಲಿಯ ಒಬ್ಬ ಜಮೀನುದಾರರು ನನ್ನನ್ನು ತಮ್ಮ ಎಲೆಬಳ್ಳಿಯ ತೋಟಕ್ಕೆ ಕರೆದುಕೊಂಡು ಹೋದರು. ಅವರ ಬಾವಿಯ ಮೇಲೆ 7.5 ಅಶ್ವಶಕ್ತಿಯ ಮೋಟಾರಿಗೆ ಜೋಡಿಸಿದ ಪಂಪು ಇರುವುದು. ವೀಳ್ಯದೆಲೆಯ ಬಳ್ಳಿಗೆ ನೀರು ಎರಡು ದಿನ ತಪ್ಪಿದರೆ ಆಗುವ ನಷ್ಟವು ಸವಣೂರಿನ ಕಡೆಯ ಒಕ್ಕಲಿಗರಿಗೆ ಹೇಳಬೇಕಾದುದಿಲ್ಲ. ಅವರು ಹೇಳಿದ್ದಿಷ್ಟು: “ಸಾಹೇಬ್ರ, ಮಧ್ಯಾಹ್ನ ಮೋಟಾರ ಅರ್ಧ ತಾಸು ಓಡತೈತ್ರಿ, ತಾನ ನಿಂದ್ರತೈತಿ. ರಾತ್ರಿ ಹಚ್ಚಿದ್ರ ಬೆಳತನಕ ಓಡತೈತಿ. ರಿಲೇ ಕೆಟ್ಟೈತಿ ಅಂತ ತಿಳಕೊಂಡು ಅದನ್ನ ಮ್ಯಾಲಕ ತಿರುವಿಸಿದ್ವಿ. ಹದಿನೈದು ದಿನಕ್ಕ ಮೋಟಾರ ಸುಟ್ಟು ಹೋತ್ರಿ.”

ಮೋಟಾರನ್ನು ಪುನಃ ಸುತ್ತಿಸಿ ತಂದಿದ್ದರು. ರಿಲೇಯ ಬಿರಡೆಯು ಮಾತ್ರ ಇನ್ನೂ ಮೇಲಿನ ಅಂಕಿಯ ಮೇಲೆಯೇ ಇದ್ದಿತು. ಇಂತಹ ಸಂಗತಿಯು ಈ ಒಂದು ತೋಟದ್ದಲ್ಲ. ನಾನು ನೋಡಿದ ಸ್ಟಾರ್ಟರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಬಿರಡೆಯು ಕೊನೆಯ ಅಂಕಿಯ ಮೇಲೆ ನಿಂತಿರುವುದು; ಕೆಲವುಗಳಲ್ಲಿ ರಿಲೇಯನ್ನು ತಂತಿಯಿಂದ ದಾಟಿಸಿಯೇ ಬಿಟ್ಟಿರುವರು. ಆದಕಾರಣ ಆ ದಿವಸ ಆ ತೋಟದಲ್ಲಿ ನಾವು ಏನನ್ನು ಅಳೆದೆವು, ಏನು ಕಂಡುಬಂದಿತು, ಏನು ಮಾಡಿದೆವು ಎಂಬುದನ್ನು ಕ್ರಮವಾಗಿ ತಿಳಿಸುವೆನು.

ಮೊದಲು ರಿಲೇ ಎಂಬುದು ಏನೆಂಬುದನ್ನು ತಿಳಿಯತಕ್ಕದ್ದು. ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಕೆಳಭಾಗದಲ್ಲಿರುವ ಈ ಉಪಕರಣದೊಳಗೆ ಮೂರು ಪಟ್ಟಿಗಳಿರುವವು, ಒಂದೊಂದು ಫೇಸಿಗೆ ಒಂದೊಂದು. ಪ್ರತಿಯೊಂದು ಪಟ್ಟಿಯೂ ಎರಡು ಬೇರೆ ಬೇರೆ ಲೋಹಗಳನ್ನು ಒಂದರ ಮೇಲೊಂದು ಬೆಸೆದು ಮಾಡಿದ್ದು. ಶಾಖಕ್ಕೆ ಒಂದು ಲೋಹವು ಹೆಚ್ಚು ಹಿಗ್ಗುವುದು, ಇನ್ನೊಂದು ಕಡಿಮೆ ಹಿಗ್ಗುವುದು. ಆದುದರಿಂದ ಪಟ್ಟಿಯು ಕಾಯ್ದಂತೆಲ್ಲ ಬಾಗುವುದು. ಮೋಟಾರಿಗೆ ಹೋಗುವ ಕರೆಂಟು ಈ ಪಟ್ಟಿಗಳನ್ನು ಕಾಯಿಸಿಯೇ ಮುಂದೆ ಹೋಗುವುದು. ಪಟ್ಟಿಯು ಗೊತ್ತುಪಡಿಸಿದಷ್ಟು ಬಾಗಿದೊಡನೆ ಒಂದು ಸಣ್ಣ ಕೊಂಡಿಯು ಕಳಚಿ, ಸ್ಟಾರ್ಟರಿನ ಸುರುಳಿಗೆ ಹೋಗುವ ಕರೆಂಟನ್ನು ಕಡಿದು ಮೋಟಾರನ್ನು ನಿಲ್ಲಿಸುವುದು. ಅಂದರೆ ರಿಲೇಯು ಮೋಟಾರಿನ ಶಾಖವನ್ನು ಮುಟ್ಟಿ ನೋಡುವುದಿಲ್ಲ. ಮೋಟಾರಿನ ಸುತ್ತುಗಳು ಎಷ್ಟು ಕಾಯುತ್ತಿರಬಹುದೆಂಬುದನ್ನು ತಾನೂ ಅದೇ ಕರೆಂಟಿನಿಂದ ಕಾಯ್ದು ಅನುಕರಿಸಿ ತೋರಿಸುವುದು.

ಇದರಿಂದ ಎರಡು ಮಾತುಗಳು ಸಿದ್ಧಿಸುವವು. ಕರೆಂಟು ಹೆಚ್ಚಾದೊಡನೆ ರಿಲೇಯು ಫ್ಯೂಜಿನಂತೆ ಥಟ್ಟನೆ ಬೀಳುವುದಿಲ್ಲ. ಕಾಯಲು ಅದಕ್ಕೆ ಕಾಲ ಬೇಕು. ಆದುದರಿಂದಲೇ ಮೋಟಾರು ಹೊರಡುವಾಗ ಒಂದೆರಡು ಸೆಕೆಂಡು ಆರು ಪಟ್ಟು ಕರೆಂಟು ಎಳೆದರೂ ರಿಲೇಯು ಸಹಿಸಿಕೊಳ್ಳುವುದು. ಎರಡನೆಯದು, ಕರೆಂಟಿನಲ್ಲಿ ಕಾಣದ ತೊಂದರೆಯನ್ನು ರಿಲೇಯು ಕಾಣಲಾರದು. ಮೋಟಾರಿನ ಗಾಳಿಯ ಕಿಂಡಿಯಲ್ಲಿ ಇಲಿಯು ಗೂಡು ಕಟ್ಟಿ ಗಾಳಿಯಾಡದೆ ಸುತ್ತುಗಳು ಬೆಂದರೂ, ಕರೆಂಟು ಹೆಚ್ಚದಿದ್ದರೆ ರಿಲೇಯು ಸುಮ್ಮನಿರುವುದು. ಬಾವಿಯ ನೀರು ತೀರಿ ಪಂಪು ಒಣಗಿ ಓಡುವಾಗ ಕರೆಂಟು ಇಳಿಯುವುದೇ ಹೊರತು ಏರುವುದಿಲ್ಲ. ಆಗಲೂ ರಿಲೇಯಿಂದ ರಕ್ಷಣೆ ಇಲ್ಲ.

ಇನ್ನು ಬಿರಡೆಯ ಮೇಲಿನ ಅಂಕಿಯ ಅರ್ಥವೇನು? ಬಹಳ ಜನರು ಬಿರಡೆಯನ್ನು 11ರ ಮೇಲೆ ಇಟ್ಟರೆ 11 ಆಂಪಿಯರು ದಾಟಿದೊಡನೆ ಮೋಟಾರು ನಿಲ್ಲುವುದೆಂದು ತಿಳಿದಿರುವರು. ಹಾಗಲ್ಲ. ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ಅನುಸರಿಸುತ್ತಿರುವ ಪ್ರಮಾಣದಂತೆ, ಇಟ್ಟ ಅಂಕಿಯ 1.05 ಪಟ್ಟು ಕರೆಂಟಿಗೆ ರಿಲೇಯು ಎರಡು ತಾಸಿನವರೆಗೂ ಬೀಳಕೂಡದು, 1.2 ಪಟ್ಟು ಆದರೆ ಎರಡು ತಾಸಿನೊಳಗಾಗಿ ಬೀಳಲೇಬೇಕು. 11ರ ಮೇಲೆ ಇಟ್ಟ ರಿಲೇಯು 11.55 ಆಂಪಿಯರನ್ನು ಸಹಿಸುವುದು, 13.2 ಆಂಪಿಯರನ್ನು ಸಹಿಸದು. ನಡುವೆ ಬೀಳಲೂಬಹುದು, ಬೀಳದಿರಲೂಬಹುದು. ಹೀಗೆ ಬೇಕಾದಷ್ಟು ಸಡಿಲನ್ನು ತಯಾರಿಸುವವರೇ ಒಳಗೆ ಇಟ್ಟಿರುವರು. ಆದುದರಿಂದ ಬಿರಡೆಯನ್ನು ಮೋಟಾರಿನ ಫಲಕದ ಮೇಲೆ ಬರೆದ ಪೂರ್ಣಭಾರದ ಆಂಪಿಯರಿಗೆ ಸರಿಯಾಗಿ ಇಡತಕ್ಕದ್ದು. “ಸ್ವಲ್ಪ ಹೆಚ್ಚಿಗೆ ಇರಲಿ” ಎಂದು ನಾವು ಮತ್ತೊಮ್ಮೆ ಸಡಿಲು ಕೂಡಿಸುವುದು ತರವಲ್ಲ.

ಹತ್ತಿಮತ್ತೂರಿನ ಆ ಮೋಟಾರಿನ ಫಲಕದಲ್ಲಿ 415 ವೋಲ್ಟು, 11 ಆಂಪಿಯರು ಎಂದು ಬರೆದಿತ್ತು. ರಿಲೇಯ ಅಂಕಿಗಳು 9ರಿಂದ 14ರವರೆಗೆ ಇದ್ದವು. ಬಿರಡೆಯು 14ರ ಮೇಲಿತ್ತು. 14ಕ್ಕೆ ಇಟ್ಟ ರಿಲೇಯು ಖಂಡಿತವಾಗಿ ಬೀಳುವುದು 16.8 ಆಂಪಿಯರಿಗೆ. ಇದು ಮೋಟಾರಿನ ಅಳತೆಗಿಂತ ಒಂದೂವರೆ ಪಟ್ಟು. ಸುತ್ತುಗಳಲ್ಲಿ ಹುಟ್ಟುವ ಶಾಖವು ಕರೆಂಟಿನ ಪ್ರಮಾಣದಲ್ಲಿ ಅಲ್ಲ, ಕರೆಂಟಿನ ವರ್ಗದ ಪ್ರಮಾಣದಲ್ಲಿ ಏರುವುದು. ಒಂದೂವರೆ ಪಟ್ಟು ಕರೆಂಟಿಗೆ ಎರಡೂಕಾಲು ಪಟ್ಟು ಶಾಖ. ಮೋಟಾರಿನ ತಂತಿಯ ಮೇಲಿನ ವಾರ್ನಿಷು ತನ್ನ ಮಿತಿಗಿಂತ ಸುಮಾರು 10 ಡಿಗ್ರಿ ಸೆಂಟಿಗ್ರೇಡು ಹೆಚ್ಚಾಗಿ ಕಾಯುತ್ತ ಬಂದರೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುವುದೆಂದು ಬಲ್ಲವರು ಲೆಕ್ಕ ಹಾಕಿರುವರು. ಮುವ್ವತ್ತು ನಲವತ್ತು ಡಿಗ್ರಿ ಹೆಚ್ಚು ಕಾಯ್ದ ಮೋಟಾರು ವರ್ಷಗಟ್ಟಲೆ ಬದುಕುವ ಮಾತೆಲ್ಲಿ?

ಹಾಗಾದರೆ 11ರ ಮೇಲೆ ಇದ್ದಾಗ ರಿಲೇಯು ಮಧ್ಯಾಹ್ನ ಬೀಳುತ್ತಿದ್ದುದು ಸುಳ್ಳೋ ನಿಜವೋ? ಇದನ್ನು ಊಹೆಯಿಂದ ತೀರ್ಮಾನಿಸಲು ಬಾರದು. ಪರವಾನಿಗೆಯುಳ್ಳ ವಾಯರ್‌ಮನ್ನನನ್ನು ಕರೆಯಿಸಿ ಟಾಂಗ್ ಟೆಸ್ಟರಿನಿಂದ, ಅಂದರೆ ತಂತಿಯನ್ನು ಕಡಿಯದೆ ಅದರ ಸುತ್ತ ಇಕ್ಕಳದಂತೆ ಹಿಡಿದು ಕರೆಂಟನ್ನು ತೋರಿಸುವ ಮೀಟರಿನಿಂದ, ಅಳೆಯಿಸತಕ್ಕದ್ದು. ಅಳೆಯುವುದು ತೊಂದರೆ ಕೊಡುವ ಹೊತ್ತಿನಲ್ಲಿಯೇ ಆಗಬೇಕು. ಮಧ್ಯಾಹ್ನ ನಿಲ್ಲುವ ಮೋಟಾರನ್ನು ಮುಂಜಾನೆ ತಂಪು ಹೊತ್ತಿನಲ್ಲಿ ಅಳೆದು “ಎಲ್ಲ ಸರಿಯಾಗಿದೆ” ಎನ್ನುವುದರಿಂದ ಪ್ರಯೋಜನವಿಲ್ಲ.

ತೀರ್ಮಾನದ ಕ್ರಮವು ಬಹು ಸರಳವಾದುದು. ಮೂರೂ ತಂತಿಗಳ ಕರೆಂಟು ಬಿರಡೆಯ ಅಂಕಿಗಿಂತ ಕಡಿಮೆಯಿದ್ದು, ಮೂರೂ ಹೆಚ್ಚುಕಡಿಮೆ ಸಮನಾಗಿದ್ದು, ಆದರೂ ರಿಲೇಯು ಬಿದ್ದರೆ ತಪ್ಪು ರಿಲೇಯದು ಅಥವಾ ಅದರ ಪೆಟ್ಟಿಗೆಯದು. ಕರೆಂಟು ಅಂಕಿಗಿಂತ ಹೆಚ್ಚಿದ್ದು ರಿಲೇಯು ಬಿದ್ದರೆ, ರಿಲೇಯು ತನ್ನ ಕೆಲಸವನ್ನು ಮಾಡುತ್ತಿದೆ. ತಪ್ಪನ್ನು ಬೇರೆ ಕಡೆ ಹುಡುಕತಕ್ಕದ್ದು.

ಮೊದಲನೆಯ ಬಗೆಯ ಸುಳ್ಳು ಬೀಳುವಿಕೆಗೆ ನಮ್ಮ ಕಡೆ ಕಾಣುವ ಕಾರಣಗಳು ಮುಖ್ಯವಾಗಿ ಎರಡು. ರಿಲೇಯ ತಿರುಪು ಸಡಿಲಾಗಿ ಅಲ್ಲಿ ಕಿಡಿ ಹಾರಿ ಕಾಯುವುದು ಒಂದು. ಆ ಶಾಖವು ಲೋಹದ ಪಟ್ಟಿಗೆ ಹರಿದು, ಮೋಟಾರು ಕಾಯದಿದ್ದರೂ ಪಟ್ಟಿಯು ಬಾಗುವುದು. ಕರಿದಾದ ತಿರುಪು, ಸುಟ್ಟು ಗಟ್ಟಿಯಾದ ತಂತಿಯ ಹೊದಿಕೆ, ಇವೇ ಅದರ ಗುರುತು. ಇನ್ನೊಂದು, ತಗಡಿನ ಪೆಟ್ಟಿಗೆಯನ್ನು ಬಿಸಿಲಿಗೆ ಮುಖಮಾಡಿ ಕಂಬಕ್ಕೆ ಹೊಡೆದಿರುವುದು. ಒಳ್ಳೆಯ ರಿಲೇಗಳಲ್ಲಿ ಹೊರಗಿನ ಶಾಖವನ್ನು ಸರಿದೂಗಿಸುವ ಇನ್ನೊಂದು ಪಟ್ಟಿ ಇರುವುದು ನಿಜ. ಆದರೆ ಅದಕ್ಕೂ ಒಂದು ಮೇರೆ ಉಂಟು. ಏಪ್ರಿಲ್ ತಿಂಗಳಿನ ಮಧ್ಯಾಹ್ನದಲ್ಲಿ ಮುಚ್ಚಿದ ತಗಡಿನೊಳಗೆ ಇರುವ ಶಾಖವು ಆ ಮೇರೆಯನ್ನು ದಾಟುವುದು. ಮೇಲೆ ಒಂದು ಚಪ್ಪರ ಹಾಕಿದರೆ ಎರಡು ಬಿದಿರು, ನಾಲ್ಕು ತೆಂಗಿನ ಗರಿಗಳ ಖರ್ಚು.

ನಾವು ಅಳೆದಾಗ ಆ ತೋಟದಲ್ಲಿ ಒಂದು ತಿರುಪು ಸಡಿಲಾಗಿದ್ದುದೇನೋ ನಿಜ. ಸ್ವಿಚ್ಚನ್ನು ತೆಗೆಯಿಸಿ ಅದನ್ನು ಕೆರೆಯಿಸಿ ಬಿಗಿ ಮಾಡಿಸಿದೆವು. ಆದರೆ ಮುಖ್ಯ ಕಾರಣವು ಬೇರೆಯೇ ಇದ್ದಿತು. ಮಧ್ಯಾಹ್ನ ಒಂದು ಗಂಟೆಗೆ ಸ್ಟಾರ್ಟರಿನ ಬಳಿ ವೋಲ್ಟು 340. ಮೂರು ತಂತಿಗಳ ಕರೆಂಟು 13.4 ಆಂಪಿಯರಿನ ಸುತ್ತಮುತ್ತ. ರಾತ್ರಿ ಹತ್ತು ಗಂಟೆಗೆ ಪುನಃ ಅಳೆಯಿಸಿದಾಗ ವೋಲ್ಟು 400, ಕರೆಂಟು 11.3.

ಇದರ ಮರ್ಮವು ಇಷ್ಟೆ. ಪಂಪು ಎತ್ತುವ ನೀರು ಅಷ್ಟೇ, ಅದಕ್ಕೆ ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ವೋಲ್ಟು ಇಳಿದರೆ ಅದೇ ಶಕ್ತಿಯನ್ನು ಕೊಡುವುದಕ್ಕೆ ಮೋಟಾರು ಹೆಚ್ಚು ಆಂಪಿಯರನ್ನು ಎಳೆಯಲೇಬೇಕು. 415 ಇರಬೇಕಾದಲ್ಲಿ 340 ಇದ್ದರೆ, 11 ಆಂಪಿಯರಿನ ಮೋಟಾರು 13.4 ಎಳೆಯುವುದು. ಇದು 1.22 ಪಟ್ಟು; ಶಾಖವು ಸುಮಾರು ಒಂದೂವರೆ ಪಟ್ಟು. 11ಕ್ಕೆ ಇಟ್ಟ ರಿಲೇಯು ಇದಕ್ಕೆ ಬೀಳಲೇಬೇಕು, ಬಿದ್ದಿತು. ರಾತ್ರಿಯ 11.3 ಆಂಪಿಯರು 11.55ಕ್ಕಿಂತ ಕಡಿಮೆ, ಆದುದರಿಂದ ಬೆಳತನಕ ಬೀಳಲಿಲ್ಲ. ರಿಲೇಯು ಕೆಟ್ಟಿರಲೇ ಇಲ್ಲ. ಬಿರಡೆಯನ್ನು 14ಕ್ಕೆ ತಿರುಗಿಸಿದ ಮೇಲೆ 13.4 ಆಂಪಿಯರು ಅದಕ್ಕೆ ಕಾಣದಂತಾಯಿತು. ಮಧ್ಯಾಹ್ನವೆಲ್ಲ ಒಂದೂವರೆ ಪಟ್ಟು ಶಾಖವನ್ನು ಮೋಟಾರು ಉಂಡಿತು. ಜಮೀನುದಾರರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಕಾವಲುಗಾರನ ಬಾಯಿ ಮುಚ್ಚಿ ಮನಿ ಕಳವು ಮಾಡಿಸಿಕೊಂಡಂಗ ಆತಲ್ರಿ” ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಬಿರಡೆಯನ್ನು ಪುನಃ 11ಕ್ಕೆ ಇಳಿಸಿದೆವು. ಆದರೆ ಇಳಿಸಿ ಕೈತೊಳೆದುಕೊಂಡರೆ ತೋಟಕ್ಕೆ ನೀರು ಹೇಗೆ? ವೋಲ್ಟು ಎಲ್ಲಿ ಇಳಿಯುತ್ತಿದೆಯೆಂದು ಹುಡುಕಿದೆವು. ಮೀಟರಿನ ಹಲಗೆಯ ಬಳಿ 360 ವೋಲ್ಟು ಇದ್ದಿತು. ಅಲ್ಲಿಂದ ಬಾವಿಗೆ ಸುಮಾರು 220 ಮೀಟರು ದೂರ 6 ಚದರ ಮಿಲಿಮೀಟರಿನ ಅಲ್ಯೂಮಿನಿಯಮ್ ಕೇಬಲು ಎಳೆದಿದ್ದರು. 20 ವೋಲ್ಟು ಆ ತೆಳ್ಳಗಿನ ಕೇಬಲಿನಲ್ಲಿಯೇ ಶಾಖವಾಗಿ ಹೋಗುತ್ತಿದ್ದಿತು. 16 ಚದರ ಮಿಲಿಮೀಟರಿನ ಕೇಬಲು ಹಾಕಿಸಿದ ಮೇಲೆ ಆ ನಷ್ಟವು 7 ವೋಲ್ಟಿಗೆ ಇಳಿಯಿತು. ಸ್ಟಾರ್ಟರಿನ ಬಳಿ 353 ವೋಲ್ಟು ಬಂದಿತು, ಕರೆಂಟು 12.9ಕ್ಕೆ ಇಳಿಯಿತು. ಇನ್ನೂ ಹೆಚ್ಚೇ. ಉಳಿದ ಕೊರತೆಯು ಟ್ರಾನ್ಸ್‌ಫಾರ್ಮರಿನ ಮೇಲಿನ ಹೊರೆಯದು. ಅದರ ವಿಷಯವಾಗಿ ಊರಿನ ಗೌಡರೂ ಪಂಚರೂ ಕೂಡಿ ವಿದ್ಯುತ್ ಸರಬರಾಜು ಕಚೇರಿಗೆ, ಅಳೆದ ವೋಲ್ಟು ಮತ್ತು ಹೊತ್ತನ್ನು ನಮೂದಿಸಿ, ಅರ್ಜಿ ಬರೆದರು. ಅಂಕಿ ಇಲ್ಲದ ಅರ್ಜಿಗಿಂತ ಅಂಕಿಯುಳ್ಳ ಅರ್ಜಿಗೆ ಬೇಗ ಉತ್ತರ ಬರುವುದೆಂಬುದು ನನ್ನ ಅನುಭವ.

ಅಲ್ಲಿಯವರೆಗೆ ಒಂದು ಉಪಾಯವನ್ನು ಮಾಡಿದೆವು. ಬಾವಿಯ ಮೇಲೆ ಇಡುವ ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ, ನೀರು ಹೊರಹೋಗುವ ಕೊಳವೆಯ ವಾಲ್ವನ್ನು ಸ್ವಲ್ಪ ಮುಚ್ಚಿದರೆ ಮೋಟಾರಿನ ಮೇಲಿನ ಭಾರವು ಕಡಿಮೆಯಾಗುವುದು. ಇದನ್ನು ಬಹಳ ಜನ ನಂಬುವುದಿಲ್ಲ. ಬಾಯಿ ಕಟ್ಟಿದರೆ ಮೋಟಾರು ತಿಣುಕುವುದೆಂದು ತಿಳಿಯುವರು. ಆದರೆ ಈ ಬಗೆಯ ಪಂಪಿನಲ್ಲಿ ನೀರು ಹೆಚ್ಚು ಹೋದಂತೆ ಶಕ್ತಿಯೂ ಹೆಚ್ಚು ಹಿಡಿಯುವುದು. ಟಾಂಗ್ ಟೆಸ್ಟರನ್ನು ನೋಡುತ್ತ ವಾಲ್ವಿನ ಚಕ್ರವನ್ನು ಒಂದೊಂದೇ ಸುತ್ತು ಮುಚ್ಚುತ್ತ ಹೋದಾಗ ಕರೆಂಟು 11ಕ್ಕೆ ಬಂದು ನಿಂತಿತು. ನೀರು ಸ್ವಲ್ಪ ಕಡಿಮೆಯಾಯಿತು, ಆದರೆ ಹಗಲೆಲ್ಲ ಬಂದಿತು. ಆ ಸುತ್ತಿಗೆ ಬಣ್ಣದಿಂದ ಒಂದು ಗುರುತು ಮಾಡಿಸಿದೆವು. ರಾತ್ರಿ ಪೂರ್ತಿ ತೆರೆಯುವುದು, ಹಗಲು ಗುರುತಿಗೆ ಮುಚ್ಚುವುದು. ಮಳೆಗಾಲದಲ್ಲಿ ಬಾವಿಯು ತುಂಬಿದಾಗ ಕೂಡ, ನೀರನ್ನು ಎತ್ತುವ ಎತ್ತರವು ಕಡಿಮೆಯಾಗಿ ಪಂಪು ಹೆಚ್ಚು ನೀರನ್ನು ಎಳೆದು ಮೋಟಾರನ್ನು ಭಾರಕ್ಕೆ ಗುರಿಮಾಡುವುದುಂಟು. ಬೇಸಿಗೆಯಲ್ಲಿ ಸರಿಯಾಗಿದ್ದ ಮೋಟಾರು ಶ್ರಾವಣದಲ್ಲಿ ನಿಲ್ಲತೊಡಗಿದರೆ ಈ ಕಾರಣವನ್ನು ನೆನೆಯತಕ್ಕದ್ದು, ಉಪಾಯವು ಇದೇ.

ಬಿರಡೆಯನ್ನು ಇಟ್ಟ ಮೇಲೆ ರಿಲೇಯು ನಿಜವಾಗಿ ಕೆಲಸ ಮಾಡುವುದೋ ಇಲ್ಲವೋ ನೋಡಬೇಕಲ್ಲವೆ? ರಿಲೇಯ ಮೇಲಿರುವ ಟೆಸ್ಟಿನ ಗುಂಡಿಯನ್ನು ಒತ್ತಿದರೆ ಕೊಂಡಿ ಕಳಚುವುದಷ್ಟೆ ತಿಳಿಯುವುದು. ಪಟ್ಟಿಯು ಬಾಗುವುದು ತಿಳಿಯದು. ನಾವು ಮಾಡಿದ್ದು ಹೀಗೆ: ರಾತ್ರಿ ಮೋಟಾರು ಒಂದು ತಾಸು ಓಡಿ ಕಾಯ್ದ ಮೇಲೆ, 11.3 ಆಂಪಿಯರು ಹೋಗುತ್ತಿರುವಾಗ, ಬಿರಡೆಯನ್ನು 9ಕ್ಕೆ ಇಳಿಸಿದೆವು. ಈಗ ಕರೆಂಟು ಅಂಕಿಯ 1.25 ಪಟ್ಟಾಯಿತು. ಕೆಲವು ನಿಮಿಷಗಳಲ್ಲಿ ರಿಲೇಯು ಬಿದ್ದಿತು. ಪುನಃ 11ಕ್ಕೆ ತಂದು, ಪಟ್ಟಿಗಳು ತಣಿದ ಮೇಲೆ ಮೋಟಾರನ್ನು ಹಚ್ಚಿದೆವು. ಎರಡು ತಾಸಾದರೂ ಬೀಳದ ರಿಲೇಯಿದ್ದರೆ ಅದನ್ನು ತೆಗೆದು ಹೊಸದನ್ನು ಹಾಕತಕ್ಕದ್ದು.

ರಿಲೇಯ ಮೇಲೆ ಇನ್ನೊಂದು ಸಣ್ಣ ಗುಂಡಿಯು ‘ಎ’ ಮತ್ತು ‘ಎಚ್’ ಎಂಬ ಎರಡು ಸ್ಥಾನಗಳಲ್ಲಿ ನಿಲ್ಲುವಂತೆ ಇರುವುದು. ‘ಎ’ ಎಂದರೆ ಬಿದ್ದ ರಿಲೇಯು ತಣಿದ ಮೇಲೆ ತಾನಾಗಿ ಕೂಡಿಕೊಳ್ಳುವುದು. ‘ಎಚ್’ ಎಂದರೆ ಕೈಯಿಂದ ಒತ್ತಿದರೆ ಮಾತ್ರ ಕೂಡುವುದು. ಈಗ ಬಹುಮಂದಿ ಕರೆಂಟು ಬಂದೊಡನೆ ತಾನೇ ಹೊರಡುವ ಆಟೋ ಸ್ಟಾರ್ಟರನ್ನು ಕೂಡಿಸಿರುವರು. ಆಟೋ ಸ್ಟಾರ್ಟರಿನ ಜೊತೆಗೆ ಗುಂಡಿಯು ‘ಎ’ದಲ್ಲಿ ಇದ್ದರೆ, ಕೆಟ್ಟ ಮೋಟಾರನ್ನು ರಿಲೇಯು ನಿಲ್ಲಿಸುವುದು, ಸ್ಟಾರ್ಟರು ಹಚ್ಚುವುದು, ಪುನಃ ನಿಲ್ಲಿಸುವುದು, ಪುನಃ ಹಚ್ಚುವುದು, ಪ್ರತಿಸಲವೂ ಆರು ಪಟ್ಟು ಕರೆಂಟು ಸುತ್ತುಗಳನ್ನು ಕಾಯಿಸುವುದು. ರಾತ್ರಿ ಮಲಗಿ ಮುಂಜಾನೆ ಎದ್ದು ಹೋಗುವಷ್ಟರಲ್ಲಿ ಮೋಟಾರು ಇರುವುದಿಲ್ಲ. ಗುಂಡಿಯನ್ನು ‘ಎಚ್’ದಲ್ಲಿಯೇ ಇಡತಕ್ಕದ್ದು. ಹೊಲಕ್ಕೆ ಒಮ್ಮೆ ನಡೆದುಹೋಗುವ ತೊಂದರೆಯು ಮೋಟಾರು ಸುತ್ತಿಸುವ ಖರ್ಚಿಗಿಂತ ಹಗುರಾದದ್ದು.

ಈಗ ಕ್ಲಾಸು ಎಂಬುದರ ವಿಷಯ. ರಿಲೇಯನ್ನು ಕೊಳ್ಳುವಾಗ ಅದರ ಮೇಲೆ ಕ್ಲಾಸ್ 10, ಕ್ಲಾಸ್ 20 ಅಥವಾ ಕ್ಲಾಸ್ 30 ಎಂದು ಬರೆದಿರುವುದನ್ನು ನೋಡಬಹುದು. ಇದು ಒಳ್ಳೆಯದು ಕೆಟ್ಟದ್ದು ಎಂಬ ದರ್ಜೆಯಲ್ಲ, ಸಹನೆಯ ಕಾಲ. ತಣ್ಣಗಿರುವ ರಿಲೇಯಲ್ಲಿ ಇಟ್ಟ ಅಂಕಿಯ 7.2 ಪಟ್ಟು ಕರೆಂಟು ಹಾಯಿಸಿದರೆ ಕ್ಲಾಸ್ 10ರದು 4ರಿಂದ 10 ಸೆಕೆಂಡಿನೊಳಗೆ ಬೀಳುವುದು. ಕ್ಲಾಸ್ 20ರದು 6ರಿಂದ 20 ಸೆಕೆಂಡು. ಕ್ಲಾಸ್ 30ರದು 9ರಿಂದ 30 ಸೆಕೆಂಡು. ಮೋಟಾರು ಹೊರಡದೆ ಸಿಕ್ಕಿಕೊಂಡು ಗುಂಯ್ಗುಡುವಾಗ ಹರಿಯುವ ಕರೆಂಟು ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ, ಸಿಕ್ಕಿಕೊಂಡ ಮೋಟಾರನ್ನು ರಿಲೇಯು ಎಷ್ಟು ಹೊತ್ತು ಸುಡಲು ಬಿಡುವುದೆಂಬುದನ್ನು ಈ ಅಂಕಿಯು ಹೇಳುವುದು.

ನೀರಿನ ಪಂಪು ಒಂದೆರಡು ಸೆಕೆಂಡುಗಳಲ್ಲಿ ವೇಗಕ್ಕೆ ಬರುವುದು. ಆದುದರಿಂದ ಕ್ಲಾಸ್ 10 ಅದಕ್ಕೆ ತಕ್ಕದ್ದು. ಕೊಳವೆಬಾವಿಯೊಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರಿಗಂತೂ ಬೇರೆ ಕ್ಲಾಸನ್ನು ಹಾಕಲೇಕೂಡದು. ಆ ಮೋಟಾರು ಸಪೂರಾಗಿ, ಉದ್ದವಾಗಿ, ಸುತ್ತಲೂ ಹರಿಯುವ ನೀರಿನಿಂದಲೇ ತಣಿಯುವಂತೆ ಮಾಡಿದ್ದು. ಉಸುಕು ಸೇರಿ ಪಂಪು ಸಿಕ್ಕಿಕೊಂಡರೆ ನೀರೂ ಹರಿಯದು; ಸುತ್ತುಗಳು ಸೆಕೆಂಡುಗಳ ಲೆಕ್ಕದಲ್ಲಿ ಬೇಯುವವು. 10 ಸೆಕೆಂಡಿನೊಳಗೆ ರಿಲೇಯು ಕಡಿಯಲೇಬೇಕು. ಕ್ಲಾಸ್ 20ರ ರಿಲೇಯನ್ನು ಹಾಕಿ “ಈಗ ಬೀಳುವುದಿಲ್ಲ” ಎಂದು ಸಮಾಧಾನಪಟ್ಟವರು ಬೋರಿನಿಂದ ಮೋಟಾರನ್ನು ಎತ್ತಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮತ್ತೊಂದು ಕಡೆ ನೋಡಿರಿ. ಅದೇ ಊರ ಹತ್ತಿರ ಒಂದು ಮೆಕ್ಕೆಜೋಳ ಬಿಡಿಸುವ ಯಂತ್ರವಿದೆ. ಪಟ್ಟೆಯಿಂದ ನಡೆಯುವುದು, ಭಾರವಾದ ಗಾಲಿಯುಳ್ಳದ್ದು. ಕಾಳು ಹಾಕದೆ ಹಚ್ಚಿದರೂ ಮೋಟಾರಿನ ಧ್ವನಿಯು ಏರಿ ಒಂದೇ ಸಮನಾಗುವುದಕ್ಕೆ ಗಡಿಯಾರ ಹಿಡಿದು ನೋಡಿದರೆ 12 ಸೆಕೆಂಡು ಬೇಕಾಯಿತು. ಅದಕ್ಕೆ ಕ್ಲಾಸ್ 10ರ ರಿಲೇ ಹಾಕಿದ್ದರು, ಹೊರಡುವಾಗಲೇ ಬೀಳುತ್ತಿದ್ದಿತು. ಓಡುವಾಗ ಕರೆಂಟು ಫಲಕದ ಅಂಕಿಗಿಂತ ಕಡಿಮೆಯೇ. ಇಲ್ಲಿ ಬೀಳುವಿಕೆಯು ನಿಜವಾಗಿ ನಿಷ್ಕಾರಣವಾದುದು. ಆದರೂ ಬಿರಡೆಯನ್ನು ಏರಿಸುವುದು ಔಷಧವಲ್ಲ. ಏರಿಸಿದರೆ ಹೊರಡುವಾಗಿನ 12 ಸೆಕೆಂಡಿಗಾಗಿ ದಿನವೆಲ್ಲದ ಕಾವಲನ್ನು ಕಳೆದುಕೊಂಡಂತೆ. ಬಿರಡೆಯು ಫಲಕದ ಅಂಕಿಯ ಮೇಲೆಯೇ ಇದ್ದು, ರಿಲೇಯನ್ನು ಕ್ಲಾಸ್ 20ಕ್ಕೆ ಬದಲಾಯಿಸತಕ್ಕದ್ದು. ಹಾಗೆ ಮಾಡುವ ಮೊದಲು, ಸಿಕ್ಕಿಕೊಂಡ ಸ್ಥಿತಿಯಲ್ಲಿ ಮೋಟಾರು ಎಷ್ಟು ಸೆಕೆಂಡು ತಾಳುವುದೆಂದು ತಯಾರಿಸಿದವರ ಪತ್ರಿಕೆಯಲ್ಲಿ ನೋಡಬೇಕು. ರಿಲೇಯು ಅದಕ್ಕಿಂತ ಮೊದಲೇ ಬೀಳುವಂತಿರಬೇಕು. ಹೊರಡುವ ಕಾಲ, ರಿಲೇಯ ಕಾಲ, ಮೋಟಾರು ತಾಳುವ ಕಾಲ, ಇವು ಇದೇ ಅನುಕ್ರಮದಲ್ಲಿ ಒಂದಕ್ಕಿಂತ ಒಂದು ದೊಡ್ಡದಾಗಿರಬೇಕೆಂಬುದೇ ಕ್ಲಾಸನ್ನು ಆರಿಸುವ ಸೂತ್ರ.

ಹೊರಡುವ ಕಾಲವನ್ನೂ ವೋಲ್ಟು ಕಡಿಮೆಯಿರುವ ಹೊತ್ತಿನಲ್ಲಿಯೇ ಎಣಿಸತಕ್ಕದ್ದು. ಮೋಟಾರು ಹೊರಡುವ ಬಲವು ವೋಲ್ಟಿನ ವರ್ಗದ ಪ್ರಮಾಣದಲ್ಲಿ ಇಳಿಯುವುದು. 415ರ ಬದಲು 340 ಇದ್ದರೆ ಬಲವು ಮೂರರಲ್ಲಿ ಎರಡು ಪಾಲು ಮಾತ್ರ. ಮೂರು ಫೇಸಿನ ಕರೆಂಟು ಬಂದ ಕ್ಷಣದಲ್ಲಿ ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ಎಲ್ಲ ಆಟೋ ಸ್ಟಾರ್ಟರುಗಳೂ ಒಟ್ಟಿಗೆ ಹಚ್ಚಿದರೆ ವೋಲ್ಟು ಇನ್ನೂ ಕುಸಿದು, ಎಲ್ಲ ಮೋಟಾರುಗಳೂ ತಿಣುಕಿ, ರಿಲೇಗಳು ಸಾಲಾಗಿ ಬೀಳುವವು. ಇದಕ್ಕೆ ರಿಲೇಯನ್ನು ದೂರುವುದು ವ್ಯರ್ಥ. ಸ್ಟಾರ್ಟರಿನಲ್ಲಿ ತಡವಾಗಿ ಹಚ್ಚುವ ಟೈಮರು ಇರುವುದು; ಊರಿನ ಹಿರಿಯರು ಕೂಡಿ ಒಬ್ಬರದು ಅರ್ಧ ನಿಮಿಷಕ್ಕೆ, ಇನ್ನೊಬ್ಬರದು ಒಂದು ನಿಮಿಷಕ್ಕೆ, ಹೀಗೆ ಸರದಿ ಇಡಿಸಬಹುದು. ಇಂತಹ ಕೆಲಸವು ಇನ್ಸ್‌ಪೆಕ್ಟರನ ಮಾತಿನಿಂದ ಆಗುವುದಿಲ್ಲ, ಗೌಡರ ಮಾತಿನಿಂದ ಆಗುವುದು.

ದೊಡ್ಡ ಮೋಟಾರುಗಳಿರುವವರು ಮೋಸಹೋಗುವ ಒಂದು ಸ್ಥಳವನ್ನು ಇಲ್ಲಿ ತೋರಿಸಲೇಬೇಕು. 15 ಅಶ್ವಶಕ್ತಿಯಂತಹ ಮೋಟಾರುಗಳನ್ನು ಸ್ಟಾರ್–ಡೆಲ್ಟಾ ಸ್ಟಾರ್ಟರಿನಿಂದ ಹಚ್ಚುವರು. ಮೋಟಾರಿಗೆ ಆರು ತಂತಿಗಳು ಹೋಗಿರುವವು. ಇಂತಹ ಸ್ಟಾರ್ಟರುಗಳಲ್ಲಿ ಸಾಮಾನ್ಯವಾಗಿ ರಿಲೇಯು, ಕರೆಂಟು ಎರಡು ಕವಲಾಗಿ ಒಡೆದ ಮೇಲೆ ಒಂದು ಕವಲಿನಲ್ಲಿ ಕೂತಿರುವುದು. ಫಲಕದಲ್ಲಿ 21 ಆಂಪಿಯರು ಎಂದು ಇದ್ದರೆ ಅದು ಹೊರಗಿನ ತಂತಿಯ ಕರೆಂಟು. ರಿಲೇಯ ಮೂಲಕ ಹೋಗುವುದು ಅದರ 0.58 ಪಾಲು, ಅಂದರೆ ಸುಮಾರು 12 ಆಂಪಿಯರು. ಫಲಕವನ್ನು ನೋಡಿ ಬಿರಡೆಯನ್ನು 21ಕ್ಕೆ ಇಟ್ಟವರು ಕಾಗದದ ಮೇಲೆ ಸರಿಯಾಗಿಯೇ ಮಾಡಿರುವರು. ಆದರೆ ಮೋಟಾರಿಗೆ ರಕ್ಷಣೆಯೇ ಇಲ್ಲ. ಸಂಶಯವಿದ್ದರೆ ಮೋಟಾರು ಓಡುವಾಗ ಒಳಬರುವ ತಂತಿಯನ್ನೂ ರಿಲೇಯಿಂದ ಹೊರಡುವ ತಂತಿಯನ್ನೂ ಟಾಂಗ್ ಟೆಸ್ಟರಿನಿಂದ ಅಳೆಯಿಸಿರಿ. ಎರಡೂ ಸಮನಾಗಿದ್ದರೆ ಫಲಕದ ಅಂಕಿ. ಎರಡನೆಯದು ಅರ್ಧಕ್ಕಿಂತ ತುಸು ಹೆಚ್ಚಾಗಿ ಬಂದರೆ 0.58ರಿಂದ ಗುಣಿಸಿದ ಅಂಕಿ.

ಕಂಡೆನ್ಸರಿನ ವಿಷಯವೂ ಇದೇ ಜಾತಿಯದು. ಅದನ್ನು ಮೋಟಾರಿನ ತುದಿಗೆ, ಅಂದರೆ ರಿಲೇಯ ಆಚೆ, ಕಟ್ಟಿದರೆ ರಿಲೇಯ ಮೂಲಕ ಹರಿಯುವ ಕರೆಂಟು ಕಡಿಮೆಯಾಗುವುದು. ಮೋಟಾರಿನ ಸುತ್ತುಗಳಲ್ಲಿ ಮಾತ್ರ ಕಡಿಮೆಯಾಗುವುದಿಲ್ಲ. 11 ಆಂಪಿಯರಿನ ಮೋಟಾರಿಗೆ 3 ಕೆವಿಎಆರ್ ಕಂಡೆನ್ಸರು ಕಟ್ಟಿದಾಗ ರಿಲೇಯು ಕಾಣುವುದು ಸುಮಾರು 9.3 ಆಂಪಿಯರು. ಹೀಗಿರುವಲ್ಲಿ ಬಿರಡೆಯನ್ನೂ ಅಷ್ಟಕ್ಕೆ ಇಳಿಸತಕ್ಕದ್ದು. ಅಥವಾ ಕಂಡೆನ್ಸರನ್ನು ರಿಲೇಯ ಈಚೆಗೆ, ಕಂಟ್ಯಾಕ್ಟರು ಮತ್ತು ರಿಲೇಯ ನಡುವೆ, ಕಟ್ಟಿಸಿ ಬಿರಡೆಯನ್ನು 11ಕ್ಕೆ ಬಿಡತಕ್ಕದ್ದು. ಎರಡನೆಯದು ನನ್ನ ಮತದಲ್ಲಿ ಉತ್ತಮ, ಯಾಕೆಂದರೆ ಕಂಡೆನ್ಸರು ಮುಂದೆ ಕೆಟ್ಟುಹೋದರೂ ಬಿರಡೆಯ ಅಂಕಿಯು ತಪ್ಪುವುದಿಲ್ಲ.

ಹತ್ತಿಮತ್ತೂರಿನ ಆ ಸ್ಟಾರ್ಟರಿನ ಮುಚ್ಚಳದ ಒಳಮೈಗೆ ಒಂದು ಕಾಗದವನ್ನು ಅಂಟಿಸಿ ಬಂದಿದ್ದೇವೆ. ಅದರ ಮೇಲೆ ಮೋಟಾರಿನ ಆಂಪಿಯರು, ಬಿರಡೆ ಇಟ್ಟ ಅಂಕಿ, ರಿಲೇಯ ಕ್ಲಾಸು, ಹಗಲಿನ ಹಾಗೂ ರಾತ್ರಿಯ ವೋಲ್ಟು ಮತ್ತು ಕರೆಂಟು, ವಾಲ್ವಿನ ಗುರುತು, ಅಳೆದ ತಾರೀಖು ಇಷ್ಟನ್ನು ಬರೆದಿದೆ. ಮುಂದೆ ಮೋಟಾರು ನಿಂತಾಗ ಬಂದ ವಾಯರ್‌ಮನ್ನನು ಬಿರಡೆಗೆ ಕೈಹಾಕುವ ಮುಂಚೆ ಆ ಕಾಗದವನ್ನು ಓದಿ, ಪುನಃ ಅಳೆದು, ಯಾವ ಅಂಕಿಯು ಬದಲಾಗಿದೆಯೆಂದು ನೋಡಬೇಕೆಂದು ಜಮೀನುದಾರರಿಗೆ ತಿಳಿಸಿರುವೆನು.